ಪುಡಿ ಬಿಟ್ಟ ಎರಡನೇ ದಿನ ತಲೆನೋವು ಯಾಕೆ ಬಂತು?

(ಬೆಳಗಾವಿಯಲ್ಲಿ ಜಿಮ್ ಹುಡುಗರು, ತಾಲೀಮಿಗೆ ಹೋಗುವ ಪೈಲ್ವಾನರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ)

ಒಂದು ಡಬ್ಬಿಯ ಕತೆಯಿಂದ ಶುರು ಮಾಡ್ತೀನಿ. ಮದುವೆ ಸೀಜನ್ ಮುಗಿದಿತ್ತು, ಜೂನ್ ತಿಂಗಳು. ಅಥಣಿ ಕಡೆಯ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಕೂತವರೇ ಕೈಚೀಲದಿಂದ ಒಂದು ಕರಿ ಡಬ್ಬಿ ತೆಗೆದು ನನ್ನ ಟೇಬಲ್ ಮೇಲೆ ಇಟ್ಟರು, ಹುಡುಗನ ಜೇಬಲ್ಲಿ ಗುಟ್ಕಾ ಚೀಟಿ ಸಿಕ್ಕಾಗ ಇಡ್ತಾರಲ್ಲ, ಹಾಗೆ. "ಡಾಕ್ಟ್ರೇ, ಇವಗ ಈ ಪುಡಿ ಚಟ ಹತ್ತೇತ್ರಿ. ಬಿಟ್ರ ತಲಿ ನೋವ್ ಅಂತಾನ, ಸಿಟ್ಟ್ ಮಾಡ್ತಾನ, ತೂಕಾನೂ ಇಳದೇತಿ" ಅಂದರು. ಡಬ್ಬಿ ಮೇಲೆ ಕ್ರಿಯಾಟಿನ್ ಮೊನೊಹೈಡ್ರೇಟ್ ಅಂತ ಇತ್ತು.

ಹುಡುಗ ಇಲ್ಲೇ ಬೆಳಗಾವಿಯಲ್ಲಿ ಓದ್ತಾನೆ. 22 ವರ್ಷ. ಮನೆಯಲ್ಲಿ ಮಾಂಸ, ಮೊಟ್ಟೆ ಯಾವುದೂ ಇಲ್ಲ. ಒಂದು ಒಳ್ಳೆ ಅಭ್ಯಾಸ ಏನಂದ್ರೆ ಎಲ್ಲಾನೂ ಫೋನಿನಲ್ಲಿ ಬರೆದಿಟ್ಟಿದ್ದ. ಪುಡಿ ಶುರು ಮಾಡೋ ಮುಂಚೆ ತೂಕ 68 ಕಿಲೋ, ಬೆಂಚ್ ಪ್ರೆಸ್ 60 ಕಿಲೋ ಎಂಟು ಸಲ. ದಿನಾ 5 ಗ್ರಾಂ ತಗೊಂಡು ಐದು ತಿಂಗಳಾದ ಮೇಲೆ ತೂಕ 71, ಅದೇ 60 ಕಿಲೋ ಹನ್ನೆರಡು ಸಲ. ಆಮೇಲೆ ಅಕ್ಕನ ಮದುವೆ ಅಂತ ಊರಿಗೆ ಹೋದ. ಜಿಮ್ ಇಲ್ಲ, ಡಬ್ಬಿಗಳೂ ರೂಮಿನಲ್ಲೇ ಉಳಿದವು. ಶನಿವಾರ ಸಂಜೆ ಕೊನೇ ಸಲ ತಗೊಂಡಿದ್ದ. ಭಾನುವಾರ ಮಧ್ಯಾಹ್ನ ತಲೆ ಭಾರ. ಸೋಮವಾರ ಅರಿಶಿನದ ದಿನ ಕೋಣೆ ಬಾಗಿಲು ಹಾಕಿಕೊಂಡು ಮಲಗಿಬಿಟ್ಟ, ಕರೆಯೋಕೆ ಹೋದವರ ಮೇಲೆಲ್ಲ ರೇಗಿದ. ಗುರುವಾರದ ಹೊತ್ತಿಗೆ ಎಲ್ಲಾ ಸರಿಹೋಯ್ತು. ನಾಲ್ಕು ವಾರ ಬಿಟ್ಟು ವಾಪಸ್ ಬಂದಾಗ ತೂಕ 69.5, ಬೆಂಚ್ ಹತ್ತೇ ಸಲ. ಅವನ ಪ್ರಕಾರ ಇದೆಲ್ಲಾ ಒಂದೇ ರೋಗ: ಕ್ರಿಯಾಟಿನ್ ಬಿಟ್ಟಿದ್ದಕ್ಕೆ ಮೈ ಬೇಡ್ತಾ ಇದೆ.

ನೀವೂ ಹಾಗೇ ಅಂದುಕೊಳ್ತೀರಿ, ಅಲ್ವಾ? ಬಿಟ್ಟ, ತ್ರಾಸ ಆಯ್ತು, ಅಂದ್ರೆ ಚಟ. ಆದರೆ ಅವನೇ ಬರೆದ ದಿನಾಂಕಗಳನ್ನು ನೋಡಿ. ತಲೆನೋವು ಒಂದೇ ದಿನದೊಳಗೆ ಬಂತು, ನಾಲ್ಕೈದು ದಿನಕ್ಕೆ ಹೋಯ್ತು. ತೂಕ ಇಳಿಯೋಕೆ ವಾರಗಟ್ಟಲೆ ಬೇಕಾಯ್ತು. ಎರಡಕ್ಕೂ ಒಂದೇ ಕಾರಣ ಇರೋದು ಕಷ್ಟ. ಇವತ್ತಿನ ಮಾತೆಲ್ಲ ಈ ಎರಡು ಗಡಿಯಾರಗಳ ಬಗ್ಗೇನೇ.

ಮೊದಲು ಚಟ ಅನ್ನೋದು ಮೈಯಲ್ಲಿ ಹೇಗೆ ಕೂರುತ್ತೆ ನೋಡೋಣ. ನಮ್ಮ ಶಾಲೆಗಳಲ್ಲಿ ಹಗ್ಗ ಜಗ್ಗಾಟ ಆಡಿಸ್ತಾರಲ್ಲ, ಅದನ್ನೇ ನೆನಪು ಮಾಡಿಕೊಳ್ಳಿ. ಒಂದು ಪದಾರ್ಥ ಮಿದುಳನ್ನು ದಿನಾ ಒಂದು ಕಡೆ ಜಗ್ಗುತ್ತೆ. ಮಿದುಳು ಸುಮ್ನೆ ಕೂರಲ್ಲ, ಕಾಲೂರಿ ಇನ್ನೊಂದು ಕಡೆ ಜಗ್ಗುತ್ತೆ. ಅದಕ್ಕೇ ದಿನ ಕಳೆದಂತೆ ಹಳೇ ಅಳತೆ ಸಾಲಲ್ಲ, ಜಾಸ್ತಿ ಬೇಕಾಗುತ್ತೆ. ಒಂದು ದಿನ ಆ ಪದಾರ್ಥ ಹಗ್ಗ ಬಿಟ್ಟುಬಿಟ್ಟರೆ? ಮಿದುಳು ಹಿಂದಕ್ಕೆ ದಪ್ ಅಂತ ಬೀಳುತ್ತೆ. ಆ ಬೀಳೋದೇ ಬಿಟ್ಟಾಗಿನ ತ್ರಾಸ. ಹಾಗಾಗಿ ಆ ತ್ರಾಸ ಸಾಮಾನ್ಯವಾಗಿ ಪದಾರ್ಥದ ಗುಣಕ್ಕೆ ಉಲ್ಟಾ ಇರುತ್ತೆ. ನಿದ್ದೆ ಓಡಿಸೋದನ್ನು ಬಿಟ್ಟರೆ ತೂಕಡಿಕೆ, ಶಾಂತ ಮಾಡೋದನ್ನು ಬಿಟ್ಟರೆ ನಡುಕ.

ನಿಮ್ಮೆಲ್ಲರ ಮನೆಯ ಉದಾಹರಣೆ ಚಹಾ. ದಿನವಿಡೀ ಮಿದುಳಿನಲ್ಲಿ ಅಡೆನೊಸಿನ್ ಅನ್ನೋ ವಸ್ತು ಸೇರ್ತಾ ಹೋಗುತ್ತೆ, ಅದು ತನ್ನ ಜಾಗದಲ್ಲಿ ಕೂತರೆ ನಿದ್ದೆ ಬರುತ್ತೆ. ಕೆಫೀನ್ ಹೋಗಿ ಆ ಜಾಗವನ್ನು ಹಿಡಿದು ಕೂರುತ್ತೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ದಿನಾ ಹೀಗೇ ಆದರೆ ಮಿದುಳು ಆ ಪದ್ಧತಿಗೆ ಒಗ್ಗಿಕೊಳ್ಳುತ್ತೆ, ಸೀಟುಗಳನ್ನೇ ಹೆಚ್ಚು ಮಾಡಿಕೊಳ್ಳುತ್ತೆ. ಈಗ ಕೆಫೀನ್ ಬರಲಿಲ್ಲ ಅಂದ್ರೆ ಅಷ್ಟೂ ಸೀಟಿಗೆ ಅಡೆನೊಸಿನ್ ನುಗ್ಗುತ್ತೆ. ಮಿದುಳಿನ ರಕ್ತನಾಳ ಹಿಗ್ಗುತ್ತವೆ, ತಲೆ ಸಿಡಿಯುತ್ತೆ, ಮಂಕು ಕವಿಯುತ್ತೆ. ಇದು ಕೊನೇ ಕಪ್ಪಿನಿಂದ 12ರಿಂದ 24 ಗಂಟೆಯೊಳಗೆ ಶುರು, ಒಂದೆರಡು ದಿನದಲ್ಲಿ ಜೋರು, ಎರಡರಿಂದ ಒಂಬತ್ತು ದಿನದೊಳಗೆ ಮುಗೀತು. ಮನೋವೈದ್ಯರು ರೋಗ ಗುರುತಿಸೋಕೆ ಬಳಸುವ ಡಿಎಸ್ಎಂ-5 ಕೈಪಿಡಿಯಲ್ಲಿ 2013ರಿಂದ ಕೆಫೀನ್ ಬಿಟ್ಟಾಗಿನ ತ್ರಾಸಕ್ಕೆ ತನ್ನದೇ ಹೆಸರಿದೆ. ಕ್ರಿಯಾಟಿನ್‌ಗೆ ಅಂಥದ್ದೊಂದು ಇಲ್ಲ.

ಯಾಕಿಲ್ಲ? ಅದು ಹಗ್ಗ ಹಿಡಿಯೋಕೇ ಬರಲ್ಲ. ಅದರ ಕೆಲಸವೇ ಬೇರೆ, ಅದು ಸೇರುವ ಜಾಗವೂ ಬೇರೆ.

ಕ್ರಿಯಾಟಿನ್ ನಿಮ್ಮ ಮೈಯಲ್ಲಿ ಈಗಾಗಲೇ ಇದೆ, ಒಂದು ಚಮಚ ಪುಡಿಯನ್ನೂ ಮುಟ್ಟದವರ ಮೈಯಲ್ಲೂ ಇದೆ. 70 ಕಿಲೋ ಆಸುಪಾಸಿನ ಗಂಡಸಿನಲ್ಲಿ ಸುಮಾರು 120 ಗ್ರಾಂ. ಅದರಲ್ಲಿ ನೂರಕ್ಕೆ 95 ಪಾಲು ಸ್ನಾಯುಗಳೊಳಗೆ. ಫ್ರಾನ್ಸಿನ ಶೆವ್ರೊಲ್ ಅನ್ನೋ ವಿಜ್ಞಾನಿ 1832ರಲ್ಲಿ ಇದನ್ನು ಮಾಂಸದಿಂದ ತೆಗೆದ. ಗ್ರೀಕಿನಲ್ಲಿ ಮಾಂಸಕ್ಕೆ ಕ್ರಿಯಾಸ್ ಅಂತಾರೆ, ಹೆಸರು ಅಲ್ಲಿಂದ ಬಂತು. ಜಿಮ್ ಅನ್ನೋ ಮಾತೇ ಇಲ್ಲದ ಕಾಲ ಅದು. ಪೈಲ್ವಾನ ಎದುರಾಳಿಯನ್ನು ಎತ್ತಿ ಒಗೆಯುವ ಆ ಕೆಲವು ಸೆಕೆಂಡಿನಲ್ಲಿ ಸ್ನಾಯುವಿನ ಸಿದ್ಧ ಶಕ್ತಿ ಖರ್ಚಾಗಿ ಹೋಗುತ್ತೆ. ಆಗ ಪಕ್ಕದಲ್ಲೇ ಇರುವ ಫಾಸ್ಫೇಟ್ ಹೊತ್ತ ಕ್ರಿಯಾಟಿನ್ ತಟ್ಟನೆ ಅದನ್ನು ಮತ್ತೆ ತುಂಬಿಕೊಡುತ್ತೆ. ಕೂಡಿಟ್ಟಿದ್ದು ಜಾಸ್ತಿ ಇದ್ದರೆ ಎಂಟರ ಬದಲು ಒಂಬತ್ತೋ ಹತ್ತೋ ಸಲ ಎತ್ತಬಹುದು. ಅದರ ಮಹಿಮೆ ಇಷ್ಟೇ.

ಇದಕ್ಕೆ ನಮ್ಮ ಕಡೆಯ ಹಗೇವನ್ನೇ ಹೋಲಿಸಬಹುದು. ಇಲ್ಲಿ ಕೂತಿರೋ ಹುಡುಗರಲ್ಲಿ ಹಗೇವು ನೋಡಿದವರು ಎಷ್ಟು ಜನ? ಮೂರು ಕೈ ಎದ್ದವು, ಪರವಾಗಿಲ್ಲ. ಜೋಳ ಕೂಡಿಡೋಕೆ ನೆಲದಲ್ಲಿ ತೋಡುತ್ತಿದ್ದ ಕುಳಿ ಅದು, ನನ್ನ ಅಜ್ಜನ ಮನೆ ಅಂಗಳದಲ್ಲಿ ಇತ್ತು, ಬಾಯಿ ತೆಗೆದ ತಕ್ಷಣ ಯಾರನ್ನೂ ಇಳಿಯೋಕೆ ಬಿಡ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಕಾಯ್ತಿದ್ದರು. ಇರಲಿ. ನಿಮ್ಮ ಸ್ನಾಯು ಅಂಥ ಒಂದು ಹಗೇವು. ಅದರಲ್ಲಿ 120 ಸೇರು ಜೋಳ ಇದೆ ಅಂದುಕೊಳ್ಳಿ, ಒಂದು ಗ್ರಾಂಗೆ ಒಂದು ಸೇರಿನ ಲೆಕ್ಕ. ದಿನಾ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ ತಾನಾಗೇ ಹಾಳಾಗುತ್ತೆ, ಅಂದ್ರೆ ಎರಡು ಸೇರು. ಯಾರೂ ತಿನ್ನಬೇಕಿಲ್ಲ, ಇದ್ದಲ್ಲೇ ಕ್ರಿಯಾಟಿನಿನ್ ಅನ್ನೋ ಕಸವಾಗಿ ಮೂತ್ರದಲ್ಲಿ ಹೋಗುತ್ತೆ. ಅಷ್ಟನ್ನು ವಾಪಸ್ ತುಂಬೋದು ಹೇಗೆ? ಸುಮಾರು ಒಂದು ಗ್ರಾಂ ಕಿಡ್ನಿ, ಲಿವರ್ ಸೇರಿ ಮಾಡಿಕೊಡುತ್ತವೆ. ಮಾಂಸ, ಮೀನು ತಿನ್ನೋರಿಗೆ ಇನ್ನೊಂದು ಗ್ರಾಂ ಊಟದಲ್ಲಿ ಬರುತ್ತೆ.

ಇಲ್ಲಿ ಒಂದು ಚಂದದ ಲೆಕ್ಕ ಇದೆ, ಸ್ವಲ್ಪ ನಿಧಾನ ನೋಡಿ. ಹಾಳಾಗೋದು ದಿನಕ್ಕೆ ಇಷ್ಟೇ ಗ್ರಾಂ ಅಂತ ಗೊತ್ತುಮಾಡಿದ್ದಲ್ಲ, ಇದ್ದುದರಲ್ಲಿ ಇಷ್ಟು ಪಾಲು ಅಂತ. ಹಗೇವು ತುಂಬಿದ್ದರೆ ಜಾಸ್ತಿ ಹೋಗುತ್ತೆ, ಕಡಿಮೆ ಇದ್ದರೆ ಕಡಿಮೆ ಹೋಗುತ್ತೆ. ಪುಡಿ ತಿಂದು 120 ಇದ್ದದ್ದನ್ನು 145 ಮಾಡಿದಿರಿ ಅನ್ನಿ. ಈಗ ದಿನಕ್ಕೆ ಎರಡರ ಬದಲು ಎರಡೂವರೆ ಗ್ರಾಂ ಹತ್ತಿರ ಹೋಗುತ್ತೆ. ಪುಡಿ ನಿಲ್ಲಿಸಿದಿರಿ. ಒಳಗೆ ಬರೋದು ಹಳೇ ಎರಡು, ಹೊರಗೆ ಹೋಗೋದು ಎರಡೂವರೆ. ದಿನಕ್ಕೆ ಅರ್ಧ ಗ್ರಾಂ, ಮೊದಮೊದಲು ಅದಕ್ಕಿಂತ ತುಸು ಜಾಸ್ತಿ ಕಡಿಮೆಯಾಗ್ತಾ ಬರುತ್ತೆ. ಇಳೀತಾ ಇಳೀತಾ ಹೋಗೋದೂ ಕಡಿಮೆಯಾಗಿ, ಹಳೇ ಮಟ್ಟಕ್ಕೆ ಬಂದಾಗ ಎರಡೂ ಸಮ. ಅಲ್ಲಿಗೆ ನಿಂತಿತು. ಅದರ ಕೆಳಗೆ ಬೀಳೋದಿಲ್ಲ. ಹಗ್ಗ ಜಗ್ಗಾಟದಲ್ಲಿ ಹಿಂದಕ್ಕೆ ಬೀಳ್ತಾರಲ್ಲ, ಆ ಬೀಳುವ ಭಾಗವೇ ಇಲ್ಲಿಲ್ಲ.

ಇದನ್ನು ಮನುಷ್ಯರ ಸ್ನಾಯುವಿನಿಂದ ಸೂಜಿಯಲ್ಲಿ ಒಂದು ಚೂರು ತೆಗೆದು ಅಳೆದೇ ನೋಡಿದ್ದಾರೆ. ಎರಿಕ್ ಹಲ್ಟ್‌ಮನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಕೆಲಸ ಅದು. ಒಂದು ಗುಂಪಿಗೆ ಆರು ದಿನ ದಿನಕ್ಕೆ 20 ಗ್ರಾಂ ಕೊಟ್ಟರು, ನೀವು ಲೋಡಿಂಗ್ ಅಂತೀರಲ್ಲ, ಅದು. ಸ್ನಾಯುವಿನ ದಾಸ್ತಾನು ನೂರಕ್ಕೆ 20 ಪಾಲು ಏರಿತು. ನಿಲ್ಲಿಸಿದ ಮೇಲೆ ನಿಧಾನ ಇಳಿದು ಸುಮಾರು 30 ದಿನಕ್ಕೆ ಮೊದಲಿದ್ದ ಮಟ್ಟಕ್ಕೆ ಬಂತು. ಇನ್ನೊಂದು ಗುಂಪಿಗೆ ಲೋಡಿಂಗ್ ಇಲ್ಲದೆ ದಿನಕ್ಕೆ ಬರೀ 3 ಗ್ರಾಂ, 28 ದಿನ. ಅವರೂ ಅಷ್ಟೇ ಏರಿದರು. ಅಂದ್ರೆ ಹಗೇವಿಗೆ ಒಂದು ಬಾಯಿಮಟ್ಟ ಇದೆ. ತುಂಬಿದ ಮೇಲೆ ಸುರಿದದ್ದು ಮೂತ್ರದಲ್ಲಿ ಹೋಗುತ್ತೆ. ಚಟದ ಪದಾರ್ಥದಲ್ಲಿ ಅಳತೆ ಏರ್ತಾ ಹೋಗುತ್ತೆ ಅಂದೆನಲ್ಲ, ಇಲ್ಲಿ ಉಲ್ಟಾ: ತುಂಬಿಸೋಕೆ 20 ಗ್ರಾಂ ತಿಂದವನಿಗೂ ಆಮೇಲೆ ಅದನ್ನು ಕಾಯ್ದುಕೊಳ್ಳೋಕೆ 3ರಿಂದ 5 ಗ್ರಾಂ ಸಾಕು. ವರ್ಷ ಕಳೆದರೂ ಅಷ್ಟೇ ಸಾಕು.

ಇನ್ನೊಂದು ವಿಷಯ, ತಿಂದ ಕೂಡಲೇ ಏನೂ ಗೊತ್ತಾಗಲ್ಲ. ಸ್ಕೂಪ್ ನೀರಿಗೆ ಹಾಕಿ ಕಲಸಿ ಕುಡಿದರೆ ತಳದಲ್ಲಿ ಸ್ವಲ್ಪ ಮರಳು ಮರಳಾಗಿ ಉಳಿಯುತ್ತೆ, ಅಷ್ಟೇ. ಕಿಕ್ ಇಲ್ಲ, ಮೈ ಜುಮ್ಮೆನ್ನಲ್ಲ, ಖುಷಿಯೂ ಇಲ್ಲ. ಮಿದುಳಿನಲ್ಲಿ ಮತ್ತೆ ಬೇಕು ಅನ್ನಿಸುವ ದಾರಿಯನ್ನು ಅದು ತಟ್ಟೋದೇ ಇಲ್ಲ. ಮಿದುಳಿಗೂ ಕ್ರಿಯಾಟಿನ್ ಬೇಕು ನಿಜ, ಆದರೆ ಬೇಕಾದ್ದನ್ನು ಬಹುಮಟ್ಟಿಗೆ ತಾನೇ ಮಾಡಿಕೊಳ್ಳುತ್ತೆ. ನೀವು ತಿಂದದ್ದು ಒಳಗೆ ಹೋಗೋದು ಸ್ವಲ್ಪ, ಅದೂ ನಿಧಾನಕ್ಕೆ.

ಇಷ್ಟು ಹೇಳಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಒಂದು ಗಟ್ಟಿ ಪ್ರಶ್ನೆ ಕೇಳಿದರು: ಹೊರಗಿನಿಂದ ಕೊಟ್ಟರೆ ಮೈ ತಾನು ಮಾಡೋದನ್ನೇ ನಿಲ್ಲಿಸಿಬಿಡಲ್ವಾ? ಒಳ್ಳೇ ಪ್ರಶ್ನೆ, ಇದನ್ನು ಹಾರಿಸಬಾರದು. ಹೌದು, ಕಡಿಮೆ ಮಾಡುತ್ತೆ. ಕ್ರಿಯಾಟಿನ್ ಮಾಡುವ ಮೊದಲ ಹೆಜ್ಜೆ ಕಿಡ್ನಿಯಲ್ಲಿ, ಅಲ್ಲಿ ಒಂದು ಎನ್‌ಜೈಮ್ ಇದೆ. ರಕ್ತದಲ್ಲಿ ಕ್ರಿಯಾಟಿನ್ ಜಾಸ್ತಿ ಕಂಡರೆ ಅದು ಕೆಲಸ ತಗ್ಗಿಸುತ್ತೆ. ಅಂಗಡಿ ಸಾಮಾನು ಬಂದು ಬಿದ್ದಿರುವಾಗ ಮನೆಯಲ್ಲಿ ಯಾರು ಬೀಸ್ತಾರೆ? ಹಾಗೆ.

ಹಾಗಾದರೆ ಸ್ಟಿರಾಯ್ಡ್ ಮಾತ್ರೆಗೂ ಇದಕ್ಕೂ ಏನು ಫರಕು? ಉಬ್ಬಸಕ್ಕೋ ಕೀಲುನೋವಿಗೋ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ತಗೊಂಡವರಿಗೆ ಡಾಕ್ಟರು ಒಮ್ಮೆಲೇ ಬಿಡಬೇಡಿ ಅಂತಾರೆ, ಹಂತ ಹಂತವಾಗಿ ಇಳಿಸ್ತಾರೆ. ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಕೆಲಸ ಬಿಟ್ಟು ಮಲಗಿಬಿಟ್ಟಿರುತ್ತೆ, ಎದ್ದೇಳೋಕೆ ವಾರ, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟರೊಳಗೆ ಮೈಗೆ ಬೇಕಾದ ಹಾರ್ಮೋನು ಇಲ್ಲದೆ ಬಿಪಿ ಬಿದ್ದು ಜೀವಕ್ಕೇ ಕುತ್ತು ಬರಬಹುದು. ಯಾಕೆ ಅಷ್ಟು ಅಪಾಯ? ಆ ಹಾರ್ಮೋನಿಗೆ ಹಗೇವಿಲ್ಲ. ಅಂದು ಮಾಡಿ ಅಂದೇ ಉಣ್ಣಬೇಕು. ಕೆಲವು ಜಿಮ್‌ಗಳಲ್ಲಿ ಕದ್ದು ಹಾಕಿಕೊಳ್ಳುವ ಗಂಡಸು ಹಾರ್ಮೋನಿನ ಇಂಜೆಕ್ಷನ್ನಿನದೂ ಇದೇ ಕತೆ. ಬಿಟ್ಟ ಮೇಲೆ ವೃಷಣ ಎಚ್ಚರಾಗೋ ತನಕ ಮನಸ್ಸು ಕುಗ್ಗುತ್ತೆ, ಆಸಕ್ತಿ ಸತ್ತುಹೋಗುತ್ತೆ. ಅದು ನಿಜವಾದ ಅವಲಂಬನೆ. ಕ್ರಿಯಾಟಿನ್ ವಿಷಯದಲ್ಲಿ ಆ ಎನ್‌ಜೈಮ್ ಪೂರ್ತಿ ಮಲಗಿರಲ್ಲ. ಪುಡಿ ನಿಂತ ಮೇಲೆ ರಕ್ತದ ಮಟ್ಟ ಇಳಿದರೆ ಮತ್ತೆ ಶುರುವಾಗುತ್ತೆ. ಅದು ಶುರುವಾಗೋ ತನಕ ಹಗೇವಿನಲ್ಲಿ ನೂರಕ್ಕೂ ಹೆಚ್ಚು ಗ್ರಾಂ ಬಿದ್ದಿದೆ. ಕೊರತೆ ಅನ್ನೋ ದಿನವೇ ಬರಲ್ಲ. ಹಾಗಾಗಿ ಇದನ್ನು ಹಂತ ಹಂತವಾಗಿ ಇಳಿಸಬೇಕಿಲ್ಲ. ಎರಡು ತಿಂಗಳು ತಿಂದು ಒಂದು ತಿಂಗಳು ಬಿಡೋ ಲೆಕ್ಕವೂ ಬೇಕಿಲ್ಲ. ಆ ಪದ್ಧತಿ ಬಹುಶಃ ಸ್ಟಿರಾಯ್ಡ್ ಹಾಕೋರಿಂದಲೇ ಇಲ್ಲಿಗೆ ಹರಿದು ಬಂದದ್ದು ಅಂತ ನನ್ನ ಅನುಮಾನ.

ಸರಿ, ಮತ್ತೆ ಅಥಣಿ ಹುಡುಗನ ತಲೆನೋವು? ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವನ ಹಗೇವಿನಿಂದ ಖಾಲಿಯಾಗಿದ್ದು ಒಂದು ಗ್ರಾಂ ಕೂಡ ಇರಲ್ಲ. ಅಷ್ಟಕ್ಕೆ ಯಾವ ತಲೆಯೂ ನೋಯಲ್ಲ. ನಾನು ಕೇಳಿದೆ, "ಮದುವೆ ಮನೆಯಲ್ಲಿ ಏನು ಮಾಡಿದರೆ ಹಗುರ ಆಗ್ತಿತ್ತಪಾ?" ಸ್ವಲ್ಪ ಯೋಚಿಸಿ ಹೇಳಿದ, "ಚಹಾ ಕುಡದ್ರ ಒಂಚೂರು ಕಮ್ಮಿ ಆಗತಿತ್ತ್ರಿ ಸರ್, ಮತ್ತ ಒಂದ್ ತಾಸಿಗೆ ಬರತಿತ್ತ್ರಿ." ರೂಮಿನಲ್ಲಿ ಚಹಾ ಕುಡಿಯೋ ಅಭ್ಯಾಸ ಇದೆಯಾ ಅಂದರೆ ಇಲ್ಲ ಅಂದ. ಜಿಮ್‌ಗೆ ಹೋಗೋ ಮುಂಚೆ ಬೇರೆ ಏನಾದರೂ? "ಪ್ರಿ-ವರ್ಕೌಟ್ ರೀ, ಒಂದು ಸ್ಕೂಪ್." ಡಬ್ಬಿಗಳು ಅಂದಿದ್ದೆ, ಗಮನಿಸಿದಿರಾ? ತಾಯಿ ತಂದಿದ್ದು ಒಂದು, ರೂಮಿನಲ್ಲಿದ್ದದ್ದು ಎರಡು.

ಎರಡನೇ ಡಬ್ಬಿಯ ಫೋಟೋ ರೂಮ್‌ಮೇಟ್ ಕಳಿಸಿದ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಒಂದು ಸ್ಕೂಪಿಗೆ ಕೆಫೀನ್ 200 ಮಿಲಿಗ್ರಾಂ ಅಂತಿತ್ತು. ನಮ್ಮ ಮದುವೆ ಮನೆಯ ಸಣ್ಣ ಕಪ್ಪಿನ ಚಹಾದಲ್ಲಿ ಇರೋದು ಮೂವತ್ತು ನಲವತ್ತು ಇರಬಹುದು. ಐದು ತಿಂಗಳು ದಿನಾ ಸಂಜೆ ಆರಕ್ಕೆ ಐದಾರು ಕಪ್ಪು ಚಹಾ ಒಂದೇ ಗುಟುಕಿಗೆ ಕುಡಿದು, ಒಮ್ಮೆಲೇ ಬಿಟ್ಟ ಹಾಗಾಯ್ತು ಅದು. ಶನಿವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನಕ್ಕೆ ಶುರು, ಸೋಮವಾರ ಜೋರು, ಗುರುವಾರ ಮಾಯ. ಕೆಫೀನಿನ ಗಡಿಯಾರ ಚಾಚೂ ತಪ್ಪದೆ ಓಡಿದೆ. ಅವನ ಸಿಟ್ಟೂ ಅದರದ್ದೇ. ಕ್ರಿಯಾಟಿನ್ ಪಾಪ, ಪಕ್ಕದಲ್ಲಿ ಕೂತಿದ್ದಕ್ಕೆ ಬೈಸಿಕೊಂಡಿತು.

ಕೆಲವು ಪ್ರಿ-ವರ್ಕೌಟ್ ಡಬ್ಬಿಗಳಲ್ಲಿ ಕ್ರಿಯಾಟಿನ್ ಕೂಡ ಬೆರೆಸಿರ್ತಾರೆ, ಆಗ ಗೊಂದಲ ಇನ್ನೂ ಜಾಸ್ತಿ. ಕ್ರಿಯಾಟಿನ್ ಅಂತ ಕೊಟ್ಟ ಪುಡಿ ಕುಡಿದ ಅರ್ಧ ತಾಸಿಗೆ ಎದೆ ಡವಡವ ಅಂದರೆ, ರಾತ್ರಿ ನಿದ್ದೆ ಬರದಿದ್ದರೆ, ಅದರಲ್ಲಿ ಬೇರೇನೋ ಸೇರಿದೆ ಅಂತಲೇ ತಿಳೀರಿ. ಬಿಡಿ ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದನ್ನಂತೂ ಮುಟ್ಟಬೇಡಿ.

ಇನ್ನು ತೂಕ. 71ರಿಂದ 69.5. ಕ್ರಿಯಾಟಿನ್ ಸ್ನಾಯುವಿನೊಳಗೆ ಹೋಗುವಾಗ ಜೊತೆಗೆ ನೀರನ್ನೂ ಕರೆದುಕೊಂಡು ಹೋಗುತ್ತೆ, ಶುರುವಿನಲ್ಲೇ ಒಂದು ಒಂದೂವರೆ ಕಿಲೋ ಏರೋದು ಅದಕ್ಕೇ. ಬಿಟ್ಟಾಗ ಅದೇ ನೀರು ವಾಪಸ್ ಹೋಯ್ತು. ಐದು ತಿಂಗಳು ಬೆವರು ಸುರಿಸಿ ಕಟ್ಟಿದ ಸ್ನಾಯು ಅಲ್ಲೇ ಇದೆ, ಅದಕ್ಕೇ 68ಕ್ಕೆ ಇಳಿಯಲಿಲ್ಲ, ಬೆಂಚೂ ಎಂಟಕ್ಕೆ ಇಳಿಯಲಿಲ್ಲ. ಮೇಲಾಗಿ ನಾಲ್ಕು ವಾರ ಅವನು ಕಬ್ಬಿಣ ಮುಟ್ಟಿಲ್ಲ, ಹೋಳಿಗೆ ಮಾತ್ರ ಮುಟ್ಟಿದ್ದಾನೆ, ಆ ಲೆಕ್ಕವನ್ನೂ ಸೇರಿಸಬೇಕು. ಸಸ್ಯಾಹಾರಿಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತೆ. ಊಟದಲ್ಲಿ ಕ್ರಿಯಾಟಿನ್ ಬರದ ಕಾರಣ ಅವರ ಹಗೇವು ಸ್ವಲ್ಪ ಖಾಲಿ ಇರುತ್ತೆ. ಹಾಲಿನಲ್ಲಿ ಇರೋದು ಲೆಕ್ಕಕ್ಕೇ ಬರದಷ್ಟು. ಅದಕ್ಕೇ ಪುಡಿ ಹಾಕಿದರೆ ಏರೋದು ಜಾಸ್ತಿ, ಬಿಟ್ಟರೆ ಇಳಿದಂತೆ ಕಾಣೋದೂ ಜಾಸ್ತಿ. ಇಳಿದು ನಿಲ್ಲೋದು ಮಾತ್ರ ತಮ್ಮ ಹಳೇ ಮಟ್ಟದಲ್ಲೇ.

ಕನ್ನಡಿ ಮುಂದೆ ನಿಂತು ತೋಳು ಸಣ್ಣದಾಯ್ತು ಅಂತ ಸಂಕಟಪಡೋರು ಇದ್ದಾರೆ. ಆ ಸಂಕಟ ಸುಳ್ಳಲ್ಲ. ಅದೇ ಭಯಕ್ಕೆ ಡಬ್ಬಿ ಬಿಡದವರೂ ಇದ್ದಾರೆ, ಊಟ ನಿದ್ದೆ ಕೆಡಿಸಿಕೊಂಡವರೂ ಇದ್ದಾರೆ. ಅವರ ಜೊತೆ ಮಾತಾಡಬೇಕಾದ್ದು ಆ ಭಯದ ಬಗ್ಗೆ, ಡಬ್ಬಿ ಕಸಿದುಕೊಂಡರೆ ಆಗೋದಲ್ಲ.

ಕಿಡ್ನಿ ಬಗ್ಗೆ ಕೇಳೇ ಕೇಳ್ತೀರಿ, ಒಂದೇ ಮಾತು. ಕಿಡ್ನಿ ತೊಂದರೆ ಮೊದಲೇ ಇದ್ದವರು ನಿಮ್ಮ ಡಾಕ್ಟರನ್ನು ಕೇಳದೆ ತಗೋಬೇಡಿ. ಉಳಿದವರು ರಕ್ತ ಪರೀಕ್ಷೆ ಮಾಡಿಸುವಾಗ ಪುಡಿ ತಿನ್ನೋದನ್ನು ಹೇಳಿ, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ನೋಡೋದು ಆ ಕ್ರಿಯಾಟಿನಿನ್ ಕಸವನ್ನೇ, ಹಗೇವು ತುಂಬಿದ್ದರೆ ಅದು ಸ್ವಲ್ಪ ಜಾಸ್ತಿ ಬರಬಹುದು.

ಹುಡುಗನಿಗೆ ನಾನು ಹೇಳಿದ್ದು ಎರಡನ್ನೂ ಒಟ್ಟಿಗೆ ಶುರು ಮಾಡಬೇಡ, ಒಟ್ಟಿಗೆ ಬಿಡಲೂ ಬೇಡ ಅಂತ. ಕ್ರಿಯಾಟಿನ್ ಒಂದೇ ದಿನಾ 5 ಗ್ರಾಂ, ಎರಡು ತಿಂಗಳು. ಆಮೇಲೆ ಪರೀಕ್ಷೆ ಇರದ ಒಂದು ವಾರ ನೋಡಿಕೊಂಡು ಒಮ್ಮೆಲೇ ಬಿಡು, ದಿನಾ ಎರಡು ಸಲ ತಲೆನೋವು, ನಿದ್ದೆ, ಸಿಟ್ಟು ಬರೆದಿಡು. ಪ್ರಿ-ವರ್ಕೌಟ್ ಬೇಕೇ ಬೇಕು ಅಂದ್ರೆ ಅದನ್ನು ಬಿಡುವಾಗ ಸ್ಕೂಪು ಅರ್ಧ, ಕಾಲು ಅಂತ ವಾರ ವಾರ ಇಳಿಸು. ಇಳಿಸಬೇಕಾದ್ದು ಅದನ್ನು.

ಸೆಪ್ಟೆಂಬರಿನಲ್ಲಿ ಫೋನು ಬಂತು. ಬಿಟ್ಟು ಹತ್ತು ದಿನ ಆಗಿತ್ತು, ಬರೆದ ಪಟ್ಟಿ ಓದಿ ಹೇಳಿದ: ತಲೆನೋವು ಇಲ್ಲ, ಇಲ್ಲ, ಇಲ್ಲ. ನಡುವೆ ಒಂದು ದಿನ ಸಿಟ್ಟು ಅಂತ ಇತ್ತು. ಏನಾಗಿತ್ತು ಅಂದೆ. "ಅವತ್ತ್ ಅವ್ವ ಆ ಡಬ್ಬಿ ತೊಳದು ಅದರಾಗ ಜೀರಗಿ ತುಂಬ್ಯಾಳ್ರಿ ಸರ್. ಪುಡಿ ಇನ್ನೂ ಅರ್ಧ ಇತ್ರಿ."